ಸಿಜಿ-ನ್ಯಾಟ್ ಹಿಂದೆ ಸಿಕ್ಕಿಕೊಂಡ ಮನೆಯ ವಿಪಿಎನ್: ಒಂದು ಪ್ರಕರಣ

ಗೆಳೆಯನೊಬ್ಬ ಡಿಸೈನ್ ಕೆಲಸ ಮಾಡುತ್ತಾನೆ. ಕೆಲಸದ ಫೈಲುಗಳೆಲ್ಲ ಮನೆಯ ಪುಟ್ಟ ಲಿನಕ್ಸ್ ಪೆಟ್ಟಿಗೆಯಲ್ಲಿರುತ್ತವೆ. ಹೊರಗಿದ್ದಾಗ ಅದನ್ನು ತಲುಪಲು ಅದೇ ಪೆಟ್ಟಿಗೆಯಲ್ಲಿ ವೈರ್‌ಗಾರ್ಡ್ ಅನ್ನುವ ವಿಪಿಎನ್ ಸರ್ವರ್ ಓಡುತ್ತಿತ್ತು. ರೌಟರ್‌ನಲ್ಲಿ ಯುಡಿಪಿ 51820 ಪೋರ್ಟ್ ಫಾರ್ವರ್ಡ್ ಮಾಡಿದ್ದ, ಮನೆಯ ಐಪಿ ಬದಲಾದರೂ ಸಿಗಲಿ ಅಂತ ಡೈನಾಮಿಕ್ ಡಿಎನ್‌ಎಸ್ ಹೆಸರೊಂದನ್ನು ಇಟ್ಟುಕೊಂಡಿದ್ದ. ಬಹಳ ಕಾಲ ಯಾವ ತಕರಾರೂ ಇರಲಿಲ್ಲ. ಆಮೇಲೆ ಇಂಟರ್ನೆಟ್ ಕಂಪನಿ ಬದಲಾಯಿಸಿದ. ವೇಗ ಜಾಸ್ತಿಯಾಯಿತು, ವಿಪಿಎನ್ ನಿಂತುಹೋಯಿತು.

"ಫೋನಲ್ಲಿ ಆ್ಯಕ್ಟಿವ್ ಅಂತಾನೇ ತೋರಿಸ್ತಿದೆ ಕಣೋ, ಆದ್ರೆ ಏನೂ ತೆರೀತಿಲ್ಲ" ಅಂದ.

ವೈರ್‌ಗಾರ್ಡ್ ವಿಷಯದಲ್ಲಿ ಈ "ಆ್ಯಕ್ಟಿವ್" ಅನ್ನುವುದನ್ನು ನಂಬಬಾರದು. ಫೋನಿನಲ್ಲಿ ಟನಲ್ ಇಂಟರ್ಫೇಸ್ ಎದ್ದು ನಿಂತಿದೆ ಅನ್ನುವುದಷ್ಟೇ ಅದರ ಅರ್ಥ. ಆ ಕಡೆಯವರು ಉತ್ತರ ಕೊಟ್ಟಿದ್ದಾರಾ ಇಲ್ಲವಾ ಅನ್ನುವುದು ಅದರಿಂದ ಗೊತ್ತಾಗುವುದಿಲ್ಲ. ನೋಡಬೇಕಾದ್ದು ಕೊನೆಯ ಹ್ಯಾಂಡ್‌ಶೇಕ್, ಅಂದರೆ ಎರಡೂ ಕಡೆಯವರು ಕೀಗಳಿಂದ ಒಬ್ಬರನ್ನೊಬ್ಬರು ಗುರುತಿಸುವುದು, ಯಾವಾಗ ಆಯಿತು ಅನ್ನುವುದನ್ನು, ಮತ್ತು ಎಷ್ಟು ಬೈಟ್ ಒಳಗೆ ಬಂತು ಅನ್ನುವುದನ್ನು. ಅವನ ಫೋನಿನಲ್ಲಿ ಕಳಿಸಿದ ಲೆಕ್ಕ ಏರುತ್ತಲೇ ಇತ್ತು, ಬಂದ ಲೆಕ್ಕ ಸೊನ್ನೆ. ಹ್ಯಾಂಡ್‌ಶೇಕ್ ಸಾಲು ಇರಲೇ ಇಲ್ಲ.

ಮೊದಲು ಸರ್ವರ್ ಕೇಳಿಸಿಕೊಳ್ಳುತ್ತಿದೆಯಾ ಅಂತ ಖಾತ್ರಿ ಮಾಡಿಕೊಂಡೆವು. ಬಂದುಹೋಗುವ ಪ್ಯಾಕೆಟ್‌ಗಳನ್ನು ಸಾಲುಸಾಲಾಗಿ ತೋರಿಸುವ ಈ ಕಮಾಂಡ್ ಅನ್ನು ಮನೆಯ ಪೆಟ್ಟಿಗೆಯಲ್ಲಿ ಓಡಿಸಿಟ್ಟೆವು:

```
tcpdump -ni eth0 udp port 51820
```

ಮನೆಯ ವೈಫೈನಲ್ಲೇ ಇದ್ದು, ಫೋನಿನ ಎಂಡ್‌ಪಾಯಿಂಟ್ ಜಾಗದಲ್ಲಿ ಪೆಟ್ಟಿಗೆಯ ಒಳ ವಿಳಾಸ ಹಾಕಿದಾಗ ಸಾಲುಗಳು ಸರಸರ ಬಂದವು, ಹ್ಯಾಂಡ್‌ಶೇಕ್ ಕೂಡ ಆಯಿತು. ಅಂದರೆ ಕೀಗಳು ಸರಿ, ಸರ್ವರ್ ಸರಿ. ವೈಫೈ ಆಫ್ ಮಾಡಿ ಮೊಬೈಲ್ ಡೇಟಾದಿಂದ ಡಿಎನ್‌ಎಸ್ ಹೆಸರಿಗೆ ಪ್ರಯತ್ನಿಸಿದಾಗ ಒಂದೇ ಒಂದು ಸಾಲೂ ಕಾಣಲಿಲ್ಲ. ಪ್ಯಾಕೆಟ್ ಪೆಟ್ಟಿಗೆವರೆಗೆ ಬರುತ್ತಲೇ ಇಲ್ಲ.

ಇಲ್ಲಿ ಹಲವರು ಆನ್‌ಲೈನ್ ಪೋರ್ಟ್ ಚೆಕರ್‌ಗಳತ್ತ ಓಡುತ್ತಾರೆ. ವೈರ್‌ಗಾರ್ಡ್‌ಗೆ ಅವು ಪ್ರಯೋಜನವಿಲ್ಲ. ಅವುಗಳಲ್ಲಿ ಹೆಚ್ಚಿನವು ಟಿಸಿಪಿ ನೋಡುತ್ತವೆ, ವೈರ್‌ಗಾರ್ಡ್ ಯುಡಿಪಿ. ಮೇಲಾಗಿ, ಸರಿಯಾದ ಕೀ ಇಲ್ಲದೆ ಬಂದ ಪ್ಯಾಕೆಟ್‌ಗೆ ವೈರ್‌ಗಾರ್ಡ್ ಉತ್ತರವನ್ನೇ ಕೊಡುವುದಿಲ್ಲ. ಪೋರ್ಟ್ ತೆರೆದಿದ್ದರೂ ಹೊರಗಿನವರಿಗೆ ಮುಚ್ಚಿದಂತೆಯೇ ಕಾಣುತ್ತದೆ. ಸರ್ವರ್ ಕಡೆ ಕೂತು tcpdump ನೋಡುವುದೇ ನಂಬಬಹುದಾದ ದಾರಿ.

ಮುಂದಿನ ಪ್ರಶ್ನೆ, ಪ್ಯಾಕೆಟ್ ಎಲ್ಲಿ ಬಿದ್ದುಹೋಗುತ್ತಿದೆ? ಅದಕ್ಕೆ ಎರಡು ವಿಳಾಸಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಸಾಕು. ಒಂದು, ರೌಟರ್‌ನ ಸ್ಟೇಟಸ್ ಪುಟದಲ್ಲಿ ವ್ಯಾನ್ ಐಪಿ ಅಂತ ಇರುವುದು. ಇನ್ನೊಂದು, ಹೊರಜಗತ್ತು ನಮ್ಮನ್ನು ನೋಡುವ ವಿಳಾಸ:

```
curl -4 ifconfig.me
```

ಎರಡೂ ಒಂದೇ ಆಗಿದ್ದರೆ ಮನೆಗೆ ನಿಜವಾದ ಪಬ್ಲಿಕ್ ಐಪಿ ಇದೆ, ತಪ್ಪು ರೌಟರ್‌ನ ಫಾರ್ವರ್ಡಿಂಗ್‌ನಲ್ಲೋ ಫೈರ್‌ವಾಲ್‌ನಲ್ಲೋ ಇರಬೇಕು. ಇಲ್ಲಿ ಬೇರೆಬೇರೆ ಇದ್ದವು. ರೌಟರ್‌ನಲ್ಲಿ 100.72 ಅಂತ ಶುರುವಾಗುವ ವಿಳಾಸ, ಹೊರಗೆ ಕಾಣುವುದು ಬೇರೆಯೇ ಒಂದು. ಆ 100.72 ನೋಡಿದ ಕೂಡಲೇ ವಿಷಯ ಸ್ಪಷ್ಟವಾಯಿತು. 100.64.0.0 ಇಂದ 100.127.255.255ವರೆಗಿನ ಭಾಗವನ್ನು 2012ರಲ್ಲಿ RFC 6598 ಇದೇ ಕೆಲಸಕ್ಕೆ, ಅಂದರೆ ಇಂಟರ್ನೆಟ್ ಕಂಪನಿಗಳ ಸಿಜಿ-ನ್ಯಾಟ್‌ಗೆ, ತೆಗೆದಿಟ್ಟಿತು. ಎರಡನೇ ಅಂಕೆ 64ರಿಂದ 127ರ ಒಳಗಿದೆಯಾ ನೋಡಿ. 100ರಿಂದ ಶುರುವಾಗುವುದೆಲ್ಲ ಇದಲ್ಲ.

ಕೆಲವು ಕಂಪನಿಗಳು ಇದರ ಬದಲು 10ರಿಂದ ಶುರುವಾಗುವ ವಿಳಾಸ ಕೊಡುವುದೂ ಉಂಟು. ವ್ಯಾನ್ ಐಪಿ 192.168 ಅಂತ ಇದ್ದರೆ ಮಾತ್ರ ಸ್ವಲ್ಪ ತಾಳಿ. ಅದು ಬಹುಮಟ್ಟಿಗೆ ಮನೆಯೊಳಗೇ ಇರುವ ಎರಡು ರೌಟರ್‌ಗಳ ಕಥೆ. ಕಂಪನಿಯವರ ಮೋಡೆಮ್ ತಾನೇ ಒಂದು ರೌಟರ್ ಆಗಿರುತ್ತದೆ. ಅದನ್ನು ಬ್ರಿಡ್ಜ್ ಮೋಡ್‌ಗೆ ಹಾಕಿ, ವ್ಯಾನ್ ಐಪಿ ಮತ್ತೆ ನೋಡಬೇಕು.

ಸಿಜಿ-ನ್ಯಾಟ್ ಇದ್ದಾಗ ಆಗುವುದಿಷ್ಟು. ಒಂದೇ ಪಬ್ಲಿಕ್ ಐಪಿಯನ್ನು ಕಂಪನಿ ತುಂಬಾ ಗ್ರಾಹಕರಿಗೆ ಹಂಚುತ್ತದೆ. ಒಳಗಿಂದ ಯಾರಾದರೂ ಹೊರಗೆ ಪ್ಯಾಕೆಟ್ ಕಳಿಸಿದರೆ ಕಂಪನಿಯ ಪೆಟ್ಟಿಗೆ ಒಂದು ನಮೂದು ಬರೆದುಕೊಳ್ಳುತ್ತದೆ: ಈ ಹೊರ ಪೋರ್ಟ್‌ಗೆ ಉತ್ತರ ಬಂದರೆ ಇಂಥ ಮನೆಗೆ ಕಳಿಸು ಅಂತ. ಹೊರಗಿಂದ ತಾನಾಗೇ ಬಂದ ಪ್ಯಾಕೆಟ್‌ಗೆ ಅಂಥ ನಮೂದೇ ಇರುವುದಿಲ್ಲ, ಹಾಗಾಗಿ ಅದು ಅಲ್ಲೇ ಬಿದ್ದುಹೋಗುತ್ತದೆ. ಗೆಳೆಯನ ಡಿಎನ್‌ಎಸ್ ಹೆಸರು ಆ ಹಂಚಿಕೆಯ ಐಪಿಯನ್ನೇ ನಿಷ್ಠೆಯಿಂದ ತೋರಿಸುತ್ತಿತ್ತು. ಫೋನ್ ಅಲ್ಲಿಗೇ ಕಳಿಸುತ್ತಿತ್ತು. ಮನೆಯ ರೌಟರ್‌ನಲ್ಲಿ ಎಷ್ಟೇ ಪೋರ್ಟ್ ಫಾರ್ವರ್ಡ್ ಮಾಡಿದರೂ, ಪ್ಯಾಕೆಟ್ ಆ ರೌಟರ್‌ಗೆ ತಲುಪಿದರೆ ತಾನೆ ಅದು ಮುಂದಕ್ಕೆ ಕಳಿಸುವುದು?

ಅತಿ ಸುಲಭದ ಪರಿಹಾರ ಕಂಪನಿಯನ್ನೇ ಪಬ್ಲಿಕ್ ಐಪಿ ಕೇಳುವುದು. ಕೊಟ್ಟರೆ ಹಳೆಯ ವ್ಯವಸ್ಥೆ ಹಾಗೇ ಮತ್ತೆ ಜೀವಂತ. ಅವನ ಪ್ಲಾನ್‌ನಲ್ಲಿ ಆ ಸೌಲಭ್ಯ ಇಲ್ಲ ಅಂದರು.

ಎರಡನೆಯದು ಐಪಿವಿ6. ಅದಕ್ಕೆ ಸಿಜಿ-ನ್ಯಾಟ್ ಕಾಟ ಇಲ್ಲ, ಏಕೆಂದರೆ ಪ್ರತಿ ಯಂತ್ರಕ್ಕೂ ತನ್ನದೇ ಪಬ್ಲಿಕ್ ವಿಳಾಸ ಸಿಗುತ್ತದೆ. ಅದೃಷ್ಟಕ್ಕೆ ಈ ಕಂಪನಿ ಐಪಿವಿ6 ಕೊಡುತ್ತಿತ್ತು. ಆದರೆ ರೌಟರ್ ಹೊರಗಿಂದ ಒಳಬರುವ ಐಪಿವಿ6 ಸಂಪರ್ಕಗಳನ್ನು ತಡೆಯುತ್ತದೆ, ಅದು ಒಳ್ಳೆಯದೇ. ಅಲ್ಲಿ ಪೆಟ್ಟಿಗೆಯ ವಿಳಾಸಕ್ಕೆ ಯುಡಿಪಿ 51820 ಮಾತ್ರ ಬಿಡುವ ನಿಯಮ ಹಾಕಿದೆವು. ಡಿಎನ್‌ಎಸ್ ಹೆಸರಿನಿಂದ ಐಪಿವಿ4ರ A ದಾಖಲೆ ತೆಗೆದು, ಐಪಿವಿ6 ವಿಳಾಸದ AAAA ದಾಖಲೆ ಹಾಕಿದೆವು. ಮೊಬೈಲ್ ಡೇಟಾದಿಂದ ತಕ್ಷಣ ಹ್ಯಾಂಡ್‌ಶೇಕ್ ಆಯಿತು. ಖುಷಿಯಾದೆವು.

ಖುಷಿ ಅವನ ಗ್ರಾಹಕರ ಆಫೀಸಿಗೆ ಹೋಗುವವರೆಗೆ ಮಾತ್ರ. ಅಲ್ಲಿನ ವೈಫೈನಲ್ಲಿ ಐಪಿವಿ6 ಇರಲಿಲ್ಲ. ಅವನು ಹೆಚ್ಚು ಕೆಲಸ ಮಾಡುವುದೇ ಅಲ್ಲಿ. ನೀವು ಹೋಗುವ ಜಾಗಗಳಲ್ಲೆಲ್ಲ ಐಪಿವಿ6 ಇದ್ದರೆ ಇಲ್ಲಿಗೇ ನಿಲ್ಲಿಸಿ, ಮುಂದಿನದೇನೂ ಬೇಕಿಲ್ಲ. ಇವನಿಗೆ ಅದು ಸಾಲಲಿಲ್ಲ.

ಟೈಲ್‌ಸ್ಕೇಲ್‌ನಂಥವುಗಳ ಬಗ್ಗೆಯೂ ಮಾತಾಡಿದೆವು. ಎರಡೂ ಕಡೆಯಿಂದ ಒಟ್ಟಿಗೆ ಪ್ಯಾಕೆಟ್ ಕಳಿಸಿ ನ್ಯಾಟ್‌ಗಳಲ್ಲಿ ದಾರಿ ಮಾಡಿಕೊಳ್ಳುವುದು, ಆಗದಿದ್ದರೆ ತಮ್ಮದೇ ರಿಲೇ ಸರ್ವರ್ ಮೂಲಕ ಸಾಗಿಸುವುದು ಅವುಗಳ ಕ್ರಮ. ತಲೆನೋವೇ ಬೇಡ ಅನ್ನುವವರಿಗೆ ಅದೇ ಸರಿ, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಇವನಿಗೆ ಮೂರನೆಯವರ ಖಾತೆ ಬೇಡ. ಮನೆಯವರ, ಜೊತೆ ಕೆಲಸದವರ ಸಾಧನಗಳಲ್ಲಿ ಈಗಾಗಲೇ ಇರುವ ಕೀಗಳು ಹಾಗೇ ಉಳಿಯಬೇಕು. ಹಾಗಾಗಿ ಪಬ್ಲಿಕ್ ಐಪಿವಿ4 ಇರುವ ಒಂದು ಅತಿ ಚಿಕ್ಕ ವಿಪಿಎಸ್, ಅಂದರೆ ಡೇಟಾ ಸೆಂಟರ್‌ನಲ್ಲಿರುವ ವರ್ಚುವಲ್ ಸರ್ವರ್, ಬಾಡಿಗೆಗೆ ತೆಗೆದುಕೊಂಡ.

ಉಪಾಯ ಸರಳ. ಸಿಜಿ-ನ್ಯಾಟ್ ಒಳಗಿಂದ ಹೊರಗೆ ಹೋಗುವುದನ್ನು ತಡೆಯುವುದಿಲ್ಲ. ಆದ್ದರಿಂದ ಮನೆಯೇ ವಿಪಿಎಸ್‌ಗೆ ಒಂದು ಟನಲ್ ಹಾಕಿ ಹಿಡಿದುಕೊಂಡಿರಲಿ. ಫೋನು, ಲ್ಯಾಪ್‌ಟಾಪ್ ವಿಪಿಎಸ್‌ನ ಬಾಗಿಲಿಗೆ ಬರಲಿ.

ಇದನ್ನು ಎರಡು ರೀತಿ ಮಾಡಬಹುದು. ಹೆಚ್ಚಿನ ಮಾರ್ಗದರ್ಶಿಗಳಲ್ಲಿ ವಿಪಿಎಸ್ ಅನ್ನೇ ವಿಪಿಎನ್ ಕೇಂದ್ರ ಮಾಡುತ್ತಾರೆ. ಫೋನ್ ವಿಪಿಎಸ್‌ಗೆ ವೈರ್‌ಗಾರ್ಡ್ ಸಂಪರ್ಕ ಮಾಡುತ್ತದೆ, ವಿಪಿಎಸ್ ಅದನ್ನು ಬಿಚ್ಚಿ, ಮತ್ತೆ ಮನೆಯ ಟನಲ್‌ಗೆ ಕಟ್ಟಿ ಕಳಿಸುತ್ತದೆ. ಹಾಗೆ ಮಾಡಿದರೆ ವಿಪಿಎಸ್ ಒಳಗೆ ಎಲ್ಲವೂ ಒಂದು ಕ್ಷಣ ಬಿಚ್ಚಿದ ರೂಪದಲ್ಲಿ ಇರುತ್ತದೆ, ಎಲ್ಲ ಸಾಧನಗಳ ಕೀಗಳನ್ನೂ ಹೊಸದಾಗಿ ಹೊಂದಿಸಬೇಕು. ನಾವು ಆರಿಸಿದ್ದು ಇನ್ನೊಂದು. ವಿಪಿಎಸ್ ಯುಡಿಪಿ ಪ್ಯಾಕೆಟ್‌ಗಳನ್ನು ಬಿಚ್ಚದೆ ಹಾಗೇ ಮನೆಗೆ ದಾಟಿಸುತ್ತದೆ. ಹಳೆಯ ವೈರ್‌ಗಾರ್ಡ್ ಸರ್ವರ್ ಮನೆಯಲ್ಲೇ, ಹಳೆಯ ಕೀಗಳೊಂದಿಗೇ ಇರುತ್ತದೆ. ಸಾಧನಗಳಲ್ಲಿ ಬದಲಾಗುವುದು ಎಂಡ್‌ಪಾಯಿಂಟ್ ಸಾಲು ಒಂದೇ. ಬಾಡಿಗೆ ಯಂತ್ರದವರಿಗೆ ಯಾರು ಯಾವಾಗ ಸಂಪರ್ಕ ಮಾಡಿದರು ಅನ್ನುವುದು ಕಂಡೀತು, ಒಳಗೇನಿದೆ ಅನ್ನುವುದು ಕಾಣುವುದಿಲ್ಲ.

ಮನೆಯ ಹಳೆಯ ಇಂಟರ್ಫೇಸ್ wg0. ಅದು 51820ರಲ್ಲಿ ಕೇಳುತ್ತದೆ, ಅದನ್ನು ಮುಟ್ಟಲಿಲ್ಲ. ವಿಪಿಎಸ್‌ಗಾಗಿ wg1 ಅಂತ ಹೊಸದೊಂದು ಮಾಡಿದೆವು. ಮನೆಯ ಕಡೆ wg1.conf ಹೀಗಿದೆ. ವಿಪಿಎಸ್ ವಿಳಾಸದ ಜಾಗದಲ್ಲಿ ಉದಾಹರಣೆಗೆಂದೇ ಮೀಸಲಾದ ಐಪಿ ಹಾಕಿದ್ದೇನೆ:

```
[Interface]
Address = 10.9.0.2/24
PrivateKey = <ಮನೆಯ ಖಾಸಗಿ ಕೀ>

[Peer]
PublicKey = <ವಿಪಿಎಸ್ ಸಾರ್ವಜನಿಕ ಕೀ>
Endpoint = 203.0.113.10:51821
AllowedIPs = 10.9.0.1/32
PersistentKeepalive = 25
```

ವಿಪಿಎಸ್ ಕಡೆ:

```
[Interface]
Address = 10.9.0.1/24
ListenPort = 51821
PrivateKey = <ವಿಪಿಎಸ್ ಖಾಸಗಿ ಕೀ>
PostUp = iptables -t nat -A PREROUTING -i eth0 -p udp --dport 51820 -j DNAT --to-destination 10.9.0.2:51820
PostUp = iptables -t nat -A POSTROUTING -o wg1 -p udp --dport 51820 -j MASQUERADE

[Peer]
PublicKey = <ಮನೆಯ ಸಾರ್ವಜನಿಕ ಕೀ>
AllowedIPs = 10.9.0.2/32
```

ಇದೇ ಎರಡು ನಿಯಮಗಳನ್ನು -A ಜಾಗದಲ್ಲಿ -D ಹಾಕಿ PostDown ಸಾಲುಗಳಾಗಿಯೂ ಬರೆಯಬೇಕು. ಇಲ್ಲದಿದ್ದರೆ ಇಂಟರ್ಫೇಸ್ ಇಳಿಸಿ ಏರಿಸಿದಾಗಲೆಲ್ಲ ನಿಯಮಗಳು ಒಂದರ ಮೇಲೊಂದು ಪೇರುತ್ತವೆ. ವಿಪಿಎಸ್‌ನಲ್ಲಿ `net.ipv4.ip_forward=1` ಇರಬೇಕು, ರೀಬೂಟ್ ಆದರೂ ಉಳಿಯುವಂತೆ ಅದನ್ನು `/etc/sysctl.d` ಒಳಗೆ ಹಾಕಿಡಿ. ವಿಪಿಎಸ್ ಕೊಡುವವರ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಬೇರೆಯೇ ಒಂದು ಫೈರ್‌ವಾಲ್ ಇರಬಹುದು. ಅಲ್ಲೂ ಯುಡಿಪಿ 51820 ಮತ್ತು 51821 ಎರಡನ್ನೂ ಬಿಡಬೇಕು. ಯಂತ್ರದೊಳಗಿನ FORWARD ಸಾಲು ಡ್ರಾಪ್ ಅಂತಿದ್ದರೆ ಅಲ್ಲೂ ಅನುಮತಿ ಬೇಕು.

ಮನೆಯ ಕಡೆ ListenPort ಇಲ್ಲ, ವಿಪಿಎಸ್ ಕಡೆಯ ಪೀರ್‌ಗೆ Endpoint ಇಲ್ಲ. ಅದು ಬೇಕೆಂದೇ ಬಿಟ್ಟದ್ದು. ಮನೆ ಯಾವ ಐಪಿಯಿಂದ, ಯಾವ ಪೋರ್ಟ್‌ನಿಂದ ಹೊರಗೆ ಕಾಣುತ್ತದೋ ವಿಪಿಎಸ್‌ಗೆ ಮೊದಲೇ ಗೊತ್ತಿರಲು ಸಾಧ್ಯವಿಲ್ಲ. ಸರಿಯಾದ ಕೀ ಇರುವ ಪ್ಯಾಕೆಟ್ ಎಲ್ಲಿಂದ ಬಂತೋ ಅದನ್ನೇ ವೈರ್‌ಗಾರ್ಡ್ ಆ ಪೀರ್‌ನ ವಿಳಾಸ ಅಂತ ನೆನಪಿಟ್ಟುಕೊಳ್ಳುತ್ತದೆ.

ಈ ವ್ಯವಸ್ಥೆಯಲ್ಲಿ ಜನ ಸಿಕ್ಕಿಕೊಳ್ಳುವುದು ಮಾಸ್ಕರೇಡ್ ಸಾಲಿನಲ್ಲಿ. ಪ್ಯಾಕೆಟ್‌ನ ಗುರಿ ವಿಳಾಸ ಬದಲಿಸುವ ಡಿನ್ಯಾಟ್ ಒಂದೇ ಸಾಕಲ್ವಾ, ಮೂಲ ವಿಳಾಸ ಬದಲಿಸುವ ಮಾಸ್ಕರೇಡ್ ಯಾಕೆ ಅನಿಸುತ್ತದೆ. ಮಾಸ್ಕರೇಡ್ ಇಲ್ಲದೆ ಬರೇ ಡಿನ್ಯಾಟ್ ಹಾಕಿ ನೋಡಿದಾಗ ಚಿತ್ರ ವಿಚಿತ್ರವಾಗಿತ್ತು. ವಿಪಿಎಸ್‌ನ wg1 ಮೇಲೆ tcpdump ಹಾಕಿದರೆ ಪ್ಯಾಕೆಟ್ ಮನೆಯತ್ತ ಹೊರಟದ್ದು ಕಾಣುತ್ತದೆ. ಮನೆಯ wg1 ಮೇಲೆ tcpdump ಹಾಕಿದರೆ ಏನೂ ಇಲ್ಲ. ಟನಲ್ ಮಾತ್ರ ಚೆನ್ನಾಗಿದೆ, 10.9.0.1ಕ್ಕೆ ಪಿಂಗ್ ಹೋಗುತ್ತದೆ.

ಕಾರಣ AllowedIPs. ಅದು ಬರೇ ಯಾವ ವಿಳಾಸಗಳು ಈ ಟನಲ್‌ನಲ್ಲಿ ಹೋಗಬೇಕು ಅನ್ನುವ ಪಟ್ಟಿಯಲ್ಲ. ಒಳಬರುವಾಗ ಸೋಸುವ ಜರಡಿಯೂ ಅದೇ. ಮಾಸ್ಕರೇಡ್ ಇಲ್ಲದಿದ್ದರೆ ಪ್ಯಾಕೆಟ್‌ನ ಮೂಲ ವಿಳಾಸ ಫೋನಿನ ಪಬ್ಲಿಕ್ ಐಪಿಯಾಗೇ ಇರುತ್ತದೆ. ಮನೆಯ ಕಡೆ ಅನುಮತಿ ಇರುವುದು 10.9.0.1ಕ್ಕೆ ಮಾತ್ರ. ಬಿಚ್ಚಿ ನೋಡಿದ ವೈರ್‌ಗಾರ್ಡ್ ಆ ಪ್ಯಾಕೆಟ್ ಅನ್ನು ಸದ್ದಿಲ್ಲದೆ ಎಸೆಯುತ್ತದೆ. ಅದು ಇಂಟರ್ಫೇಸ್‌ಗೆ ಬರುವ ಮೊದಲೇ ಆಗುವುದರಿಂದ tcpdumpಗೂ ಕಾಣುವುದಿಲ್ಲ.

AllowedIPs ಸಡಿಲ ಮಾಡಿದರೂ ಮುಗಿಯುವುದಿಲ್ಲ. ಮನೆಯ ಪೆಟ್ಟಿಗೆ ಫೋನಿನ ಪಬ್ಲಿಕ್ ಐಪಿಗೆ ಉತ್ತರ ಕೊಡುವಾಗ ತನ್ನ ಮಾಮೂಲಿ ಡೀಫಾಲ್ಟ್ ದಾರಿ ಹಿಡಿಯುತ್ತದೆ, ಅಂದರೆ ಇಂಟರ್ನೆಟ್ ಕಂಪನಿಯ ಮೂಲಕ ನೇರವಾಗಿ ಹೊರಡುತ್ತದೆ. ಫೋನ್ ಕೇಳಿದ್ದು ವಿಪಿಎಸ್ ಅನ್ನು, ಉತ್ತರ ಬಂದದ್ದು ಇನ್ಯಾವುದೋ ಐಪಿಯಿಂದ. ಫೋನಿನ ಮುಂದಿರುವ ನ್ಯಾಟ್ ಅದನ್ನು ಒಳಗೆ ಬಿಡುವುದು ಕಷ್ಟ. ಮಾಸ್ಕರೇಡ್ ಹಾಕಿದರೆ ಎರಡೂ ಸಮಸ್ಯೆ ಒಟ್ಟಿಗೆ ಹೋಗುತ್ತವೆ. ಮನೆಗೆ ಎಲ್ಲವೂ 10.9.0.1ರಿಂದ ಬಂದಂತೆ ಕಾಣುತ್ತದೆ, ಉತ್ತರವೂ ಅದೇ ದಾರಿಯಲ್ಲಿ ವಾಪಸ್.

ಇದಕ್ಕೆ ತೆರಬೇಕಾದ ಬೆಲೆ ಚಿಕ್ಕದು. `wg show wg0` ನೋಡಿದರೆ ಈಗ ಎಲ್ಲ ಸಾಧನಗಳ ಎಂಡ್‌ಪಾಯಿಂಟ್ 10.9.0.1, ಪೋರ್ಟ್ ಮಾತ್ರ ಬೇರೆ. ಯಾರು ಯಾವ ಊರಿನ ಐಪಿಯಿಂದ ಬಂದರು ಅಂತ ಮನೆಯ ಕಡೆ ಗೊತ್ತಾಗುವುದಿಲ್ಲ. ವೈರ್‌ಗಾರ್ಡ್ ಸಾಧನಗಳನ್ನು ಗುರುತಿಸುವುದು ಕೀಯಿಂದ, ಐಪಿಯಿಂದಲ್ಲ. ಹಾಗಾಗಿ ಕೆಲಸಕ್ಕೇನೂ ತೊಂದರೆಯಿಲ್ಲ.

ಇನ್ನು PersistentKeepalive ಸಾಲಿನ ಆ 25. ಸಿಜಿ-ನ್ಯಾಟ್ ಬರೆದುಕೊಂಡ ನಮೂದು ಶಾಶ್ವತವಲ್ಲ. ಸ್ವಲ್ಪ ಹೊತ್ತು ಪ್ಯಾಕೆಟ್ ಓಡಾಡದಿದ್ದರೆ ಅಳಿಸಿಹಾಕುತ್ತದೆ. ಯುಡಿಪಿಗೆ 2 ನಿಮಿಷಕ್ಕಿಂತ ಮೊದಲು ಅಳಿಸಬಾರದು ಅಂತ RFC 4787 ಹೇಳುತ್ತದೆ, ಆದರೆ ಅದಕ್ಕಿಂತ ಬೇಗ ಅಳಿಸುವ ಪೆಟ್ಟಿಗೆಗಳು ಬೇಕಾದಷ್ಟಿವೆ. 25 ಸೆಕೆಂಡಿಗೊಮ್ಮೆ ಒಂದು ಪುಟ್ಟ ಪ್ಯಾಕೆಟ್ ಹೋಗುತ್ತಿದ್ದರೆ ನಮೂದು ಉಳಿಯುತ್ತದೆ. ಆ ಸಾಲು ಮನೆಯ ಕಡೆಯೇ ಇರಬೇಕು, ಒಳಗಿಂದ ಬಾಗಿಲು ತೆರೆದಿಡಬಲ್ಲದ್ದು ಅದೊಂದೇ. ಸಾಲು ತೆಗೆದರೆ ಏನಾಗುತ್ತದೆ ಅಂತಲೂ ನೋಡಿದೆವು. ಈಗಷ್ಟೇ ಬಳಸಿದ್ದರೆ ಎಲ್ಲ ಸರಿ. ಸ್ವಲ್ಪ ಹೊತ್ತು ಬಿಟ್ಟು ಬಂದರೆ ಸಂಪರ್ಕವಿಲ್ಲ. ವಿಪಿಎಸ್‌ನ `wg show` ಮನೆಯ ಹಳೆಯ ಎಂಡ್‌ಪಾಯಿಂಟ್ ಅನ್ನು ತೋರಿಸುತ್ತಲೇ ಇರುತ್ತದೆ, ಹ್ಯಾಂಡ್‌ಶೇಕ್ ಸಮಯ ಮಾತ್ರ ಹಳತಾಗುತ್ತಾ ಹೋಗುತ್ತದೆ. ಕೀಪ್‌ಅಲೈವ್ ಇರುವ ಟನಲ್‌ನಲ್ಲಿ ಹ್ಯಾಂಡ್‌ಶೇಕ್ ಎರಡು ಮೂರು ನಿಮಿಷಕ್ಕಿಂತ ಹಳೆಯದಾಗಿ ಕಂಡರೆ ಟನಲ್ ಬಿದ್ದಿದೆ ಅಂತಲೇ ಲೆಕ್ಕ.

ಇಷ್ಟಾದ ಮೇಲೆ ಗ್ರಾಹಕರ ಆಫೀಸಿನಿಂದ ಫೋನ್ ಕೆಲಸ ಮಾಡಿತು. ಲಿನಕ್ಸ್ ಲ್ಯಾಪ್‌ಟಾಪ್ ಕೂಡ ಮಾಡಿತು, ಆದರೆ ದೊಡ್ಡ ಫೈಲ್ ಹಾಕುವಾಗ ಎಳೆದಾಡುತ್ತಿತ್ತು. ಅದೇ ವೈಫೈ, ಅದೇ ವಿಪಿಎಸ್, ಅದೇ ಮನೆ. ಫೋನಿನಿಂದ ಹಾಕಿದರೆ ಸಲೀಸು.

ಇಂಥ ವ್ಯತ್ಯಾಸ ಕಂಡರೆ ಎಂಟಿಯು, ಅಂದರೆ ಒಂದು ಪ್ಯಾಕೆಟ್ ಎಷ್ಟು ದೊಡ್ಡದಿರಬಹುದು ಅನ್ನುವ ಮಿತಿ, ನೋಡಬೇಕು. ಈಗ ಟನಲ್ ಒಳಗೊಂದು ಟನಲ್ ಇದೆ. ಐಪಿವಿ4 ಮೇಲೆ ವೈರ್‌ಗಾರ್ಡ್ ಪ್ರತಿ ಪ್ಯಾಕೆಟ್‌ಗೂ 60 ಬೈಟ್ ಹೊರೆ ಸೇರಿಸುತ್ತದೆ: ಐಪಿ ಹೆಡರ್ 20, ಯುಡಿಪಿ 8, ವೈರ್‌ಗಾರ್ಡ್‌ನದ್ದೇ 32. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಟನಲ್‌ನ ಎಂಟಿಯು 1420 ಇರುತ್ತದೆ. ಲ್ಯಾಪ್‌ಟಾಪ್ 1420ರ ಪ್ಯಾಕೆಟ್ ಕಟ್ಟಿ 1480 ಮಾಡಿ ಕಳಿಸುತ್ತದೆ. ವಿಪಿಎಸ್ ಅದನ್ನು ಮನೆಯ ಟನಲ್‌ಗೆ ತುರುಕಬೇಕು. ಆ ಟನಲ್ ಬಾಯಿಯೂ 1420. ಹಿಡಿಸುವುದಿಲ್ಲ, ಆದ್ದರಿಂದ ಪ್ಯಾಕೆಟ್ ಎರಡು ಚೂರಾಗುತ್ತದೆ. ಪ್ರತಿ ದೊಡ್ಡ ಪ್ಯಾಕೆಟ್‌ಗೂ ಎರಡೆರಡು ಸಲ ಕಟ್ಟಿ ಬಿಚ್ಚುವ ಕೆಲಸ, ಒಂದು ಚೂರು ಕಳೆದರೂ ಪೂರ್ತಿ ಪ್ಯಾಕೆಟ್ ಹೋಯಿತು. ಆಂಡ್ರಾಯ್ಡ್ ಆ್ಯಪ್ ತಾನಾಗೇ 1280 ಇಟ್ಟುಕೊಳ್ಳುವುದರಿಂದ ಫೋನಿಗೆ ಈ ಬಾಧೆ ತಟ್ಟಲಿಲ್ಲ.

ಊಹೆ ಸರಿಯಾ ಅಂತ ಮನೆಯ ಕಡೆ ಚೂರುಗಳನ್ನು ಮಾತ್ರ ಹಿಡಿಯುವ ಈ ಫಿಲ್ಟರ್ ಹಾಕಿ ನೋಡಿದೆವು:

```
tcpdump -ni wg1 'ip[6:2] & 0x3fff != 0'
```

ಲ್ಯಾಪ್‌ಟಾಪ್‌ನಿಂದ ಫೈಲ್ ಹಾಕಲು ಶುರು ಮಾಡಿದ ಕೂಡಲೇ ಪರದೆ ತುಂಬಿಹೋಯಿತು. ಫೋನಿನಿಂದ ಹಾಕಿದಾಗ ಖಾಲಿ.

ಮದ್ದು ಲೆಕ್ಕದಲ್ಲೇ ಇದೆ. 1420ರಲ್ಲಿ 60 ಕಳೆದರೆ 1360. ಲ್ಯಾಪ್‌ಟಾಪ್‌ನ ಸಂರಚನೆಯಲ್ಲೂ ಮನೆಯ wg0ನಲ್ಲೂ `[Interface]` ಕೆಳಗೆ `MTU = 1360` ಸೇರಿಸಿದೆವು. ಚೂರುಗಳು ನಿಂತವು, ವೇಗವೂ ಬಂತು. ಇಲ್ಲಿ ನಿಧಾನವಾಗಿಯಾದರೂ ಓಡುತ್ತಿದ್ದದ್ದು ಲಿನಕ್ಸ್‌ನ ವೈರ್‌ಗಾರ್ಡ್ ಪ್ಯಾಕೆಟ್‌ಗಳನ್ನು ಒಡೆಯಲು ಬಿಡುವುದರಿಂದ. ಒಡೆಯಬೇಡ ಅನ್ನುವ ಗುರುತು ಹಚ್ಚಿ ಕಳಿಸುವ ಸಾಧನವಾಗಿದ್ದು, ದಾರಿಯಲ್ಲಿ ಐಸಿಎಂಪಿ ಸಂದೇಶಗಳನ್ನು ಯಾರಾದರೂ ತಡೆದರೆ, ದೊಡ್ಡ ಪ್ಯಾಕೆಟ್‌ಗಳು ಹೋಗುವುದೇ ಇಲ್ಲ. ಹ್ಯಾಂಡ್‌ಶೇಕ್ ಆಗುತ್ತದೆ, ಪಿಂಗ್ ಆಗುತ್ತದೆ, ಫೋಲ್ಡರ್ ಪಟ್ಟಿ ತೆರೆಯುತ್ತದೆ, ಫೈಲ್ ಮಾತ್ರ ಕೂತಲ್ಲೇ ಕೂರುತ್ತದೆ. ಆಗಲೂ ಮದ್ದು ಇದೇ.

ಈ ವ್ಯವಸ್ಥೆಯ ಮಿತಿಗಳೂ ಇವೆ. ಹೊರಗಿಂದ ಬರುವ ಪ್ರತಿ ಬೈಟೂ ವಿಪಿಎಸ್ ಮೂಲಕವೇ ಸುತ್ತಬೇಕು. ವಿಪಿಎಸ್ ದೂರದಲ್ಲಿದ್ದರೆ ಪಿಂಗ್ ಏರುತ್ತದೆ, ಅಲ್ಲಿನ ಡೇಟಾ ಮಿತಿಯೂ ನಿಮ್ಮದೇ ಲೆಕ್ಕಕ್ಕೆ. ಅದಕ್ಕೇ ಮನೆಗೆ ಹತ್ತಿರದ ಡೇಟಾ ಸೆಂಟರ್ ಆರಿಸಿದೆವು. ಐಪಿವಿ6 ದಾರಿಯನ್ನೂ ಕಿತ್ತುಹಾಕಲಿಲ್ಲ, ಫೋನಿನಲ್ಲಿ ಅದಕ್ಕೊಂದು ಬೇರೆ ಟನಲ್ ಹೆಸರಿಟ್ಟು ಉಳಿಸಿಕೊಂಡ. ಕೀ ಅದೇ, ಎಂಡ್‌ಪಾಯಿಂಟ್ ಬೇರೆ. ಮೊಬೈಲ್ ಡೇಟಾದಲ್ಲಿದ್ದಾಗ ಅದನ್ನು ಒತ್ತುತ್ತಾನೆ, ನೇರ ದಾರಿ. ಎರಡನ್ನೂ ಒಟ್ಟಿಗೆ ಆನ್ ಮಾಡಬಾರದು ಅಷ್ಟೇ. ಸರ್ವರ್‌ಗೆ ಒಂದು ಕೀ ಅಂದರೆ ಒಂದು ಎಂಡ್‌ಪಾಯಿಂಟ್.

ಮನೆಯಲ್ಲೇ ಕೂತು ವಿಪಿಎನ್ ಆನ್ ಬಿಟ್ಟಿದ್ದರೆ ಪಕ್ಕದ ಕೋಣೆಯ ಪೆಟ್ಟಿಗೆಗೂ ವಿಪಿಎಸ್ ಸುತ್ತಿ ಹೋಗುತ್ತದೆ. ಮನೆಯ ವೈಫೈಗೆ ಸೇರಿದಾಗ ಟನಲ್ ತಾನಾಗೇ ಇಳಿಯುವ ಸೌಲಭ್ಯ ಐಫೋನ್ ಆ್ಯಪ್‌ನಲ್ಲಿದೆ. ಇವನದು ಆಂಡ್ರಾಯ್ಡ್, ಕೈಯಲ್ಲೇ ಆಫ್ ಮಾಡುತ್ತಾನೆ. ಮರೆತ ದಿನ ಫೈಲುಗಳು ನಿಧಾನ ಅಂತ ನನಗೆ ಫೋನ್ ಬರುತ್ತದೆ.